ಸಾವಿರದ ಬಾಂಡಿಗೆ ಸಾವಿರದ ನೂರೈವತ್ತು ಕೊಟ್ಟ ಲೆಕ್ಕ

ತೊಗರಿ ಹಂಗಾಮು ಮುಗಿದು ಗಿರಣಿಯ ಹಣ ಕೈಯಲ್ಲಿ ಉಳಿದರೆ, ಕಲಬುರಗಿಯ ನೆಹರೂ ಗಂಜ್‌ನಲ್ಲಿ ನಮ್ಮವರಿಗೆ ಎಫ್‌ಡಿ ಒಂದೇ ದಾರಿ. ನಾನು ಹಳೆಯ ತೆರಿಗೆರಹಿತ ಬಾಂಡ್ ಕೊಳ್ಳುತ್ತೇನೆಂದಾಗ, "ಸಾವಿರದ ಕಾಗದಕ್ಕೆ ನೂರೈವತ್ತು ಹೆಚ್ಚು ಕೊಡುತ್ತೀರಾ, ಸಾಹುಕಾರರೇ?" ಎಂದು ನಕ್ಕವರೇ ಹೆಚ್ಚು. ಈಗ ಅವರೇ ಲೆಕ್ಕ ಕೇಳಿಕೊಂಡು ಅಂಗಡಿಗೆ ಬರುತ್ತಾರೆ.

ಅವರ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. 10 ಲಕ್ಷಕ್ಕೆ ಸುಮಾರು 870 ಬಾಂಡ್ ಬಂದವು. ಬಡ್ಡಿ 7.5%, ಅಂದರೆ ವರ್ಷಕ್ಕೆ 65 ಸಾವಿರ ತೆರಿಗೆಯಿಲ್ಲದೆ ಖಾತೆಗೆ ಬೀಳುತ್ತದೆ. ದಲ್ಲಾಳಿಗಳು ಇದನ್ನೇ 6.5% ಲಾಭವೆಂದು ಹೇಳುತ್ತಾರೆ. ಆದರೆ ಹತ್ತು ವರ್ಷದ ಕೊನೆಗೆ ಮರಳುವುದು 8.7 ಲಕ್ಷ ಮಾತ್ರ. ನಿಜವಾದ ಇಳುವರಿ ಎಕ್ಸೆಲ್‌ನಲ್ಲಿ ಒಂದೇ ಸಾಲಿಗೆ ಸಿಗುತ್ತದೆ:

```
=RATE(10,75,-1150,1000)
```

ಉತ್ತರ ಸುಮಾರು 5.5%. ಪೇಟೆಯ ಬೆಲೆಯಲ್ಲಿ ಅಲ್ಲಿಯವರೆಗೆ ಕೂಡಿದ ಬಡ್ಡಿಯೂ ಸೇರಿರುತ್ತದೆ. ಅದನ್ನು ಕಳೆದೇ ಬೆಲೆ ಹಾಕಬೇಕು, ಇಲ್ಲದಿದ್ದರೆ ಉತ್ತರ ತಪ್ಪುತ್ತದೆ.

ನನ್ನ ತೆರಿಗೆ ಸೆಸ್ ಸೇರಿ 31.2%. ಎಫ್‌ಡಿ 7.2% ಕೊಟ್ಟರೆ ಕೈಗೆ 4.95% ಉಳಿಯುತ್ತದೆ. ಬಡ್ಡಿ ಕೈಗೆ ಬಾರದ ಸಂಚಿತ ಠೇವಣಿಗೂ ಪ್ರತಿವರ್ಷ ತೆರಿಗೆ ತಪ್ಪದು. ಬಾಂಡ್‌ಗೆ ಸಮನಾಗಲು ಎಫ್‌ಡಿ 8% ಕೊಡಬೇಕು.

ಸಾಲಪತ್ರಗಳಲ್ಲಿ ಹಣ ಹೂಡುವ ಡೆಟ್ ಫಂಡ್ ಸತ್ತೇಹೋಯಿತೆಂದು 2023ರ ಏಪ್ರಿಲ್ ನಂತರ ಎಲ್ಲರೂ ಕೈಬಿಟ್ಟರು. ಆಗಿನಿಂದ ಕೊಂಡ ಯೂನಿಟ್‌ಗಳ ಲಾಭಕ್ಕೆ ಎಷ್ಟು ವರ್ಷವಾದರೂ ನಮ್ಮ ಸ್ಲ್ಯಾಬ್ ದರವೇ. ಆದರೂ ಮಾರುವವರೆಗೆ ತೆರಿಗೆಯಿಲ್ಲ, ಆ ಹಣವೂ ಅಲ್ಲೇ ದುಡಿಯುತ್ತದೆ. ವೆಚ್ಚ ಕಳೆದು ಫಂಡೂ 7.2% ಬೆಳೆದರೆ ಹತ್ತು ವರ್ಷಕ್ಕೆ 10 ಲಕ್ಷ ತೆರಿಗೆ ಕಳೆದು 16.9 ಲಕ್ಷ ಆಗುತ್ತದೆ, ಎಫ್‌ಡಿಯಲ್ಲಿ 16.2. ಅಂದರೆ ಫಂಡಿನಲ್ಲಿ ವರ್ಷಕ್ಕೆ ಸುಮಾರು 5.4%, ಬಾಂಡ್‌ಗಿಂತ ಕೂದಲೆಳೆ ಕಡಿಮೆ. ಗಿರಣಿ ಮಗನಿಗೆ ಒಪ್ಪಿಸಿ ನನ್ನ ಆದಾಯ 20% ಹಂತಕ್ಕೆ ಇಳಿದ ಮೇಲೆ, ಸ್ಲ್ಯಾಬ್ ದಾಟದಂತೆ ತುಸುತುಸುವೇ ಮಾರಿದರೆ ಇದೇ ಫಂಡ್ 6% ದಾಟುತ್ತದೆ. ಆದರೆ ಆ 7.2% ಯಾರೂ ಬರೆದುಕೊಟ್ಟ ಮಾತಲ್ಲ. ಪೇಟೆಯ ಬಡ್ಡಿ ಏರಿದರೆ ಫಂಡಿನ ಬೆಲೆ ಇಳಿಯುತ್ತದೆ.

ಬಾಂಡ್‌ನ ಗೋಳು ಬೇರೆ. ಸರ್ಕಾರಿ ಸಂಸ್ಥೆಗಳ ಹೊಸ ತೆರಿಗೆರಹಿತ ಬಾಂಡ್‌ಗಳು 2016ರ ನಂತರ ಬಂದಿಲ್ಲ, ಇರುವವುಗಳ ವಹಿವಾಟು ತೀರ ತೆಳು. ನನ್ನ ಆರ್ಡರ್‌ಗಳು ದಿನಗಟ್ಟಲೆ ತುಂಬದೆ ಉಳಿದವು. ಬೇಸತ್ತು ಸಿಕ್ಕ ಬೆಲೆಗೆ, 25 ರೂಪಾಯಿ ಹೆಚ್ಚು ಕೊಟ್ಟು ಕೊಂಡರೆ ಇಳುವರಿಯಲ್ಲಿ ಕಾಲು ಪ್ರತಿಶತಕ್ಕಿಂತ ಹೆಚ್ಚು ಹೋಗುತ್ತದೆ. ಕೆಲವು ಬಾಂಡ್‌ಗಳ ಹೆಚ್ಚುವರಿ ಬಡ್ಡಿ ಮೊದಲ ಖರೀದಿದಾರನಿಗೆ ಮಾತ್ರ ಸಲ್ಲುವುದರಿಂದ ಮೂಲ ಷರತ್ತು ಓದಿಯೇ ಮುಂದುವರಿಯಬೇಕು. ನಾನು ಯಾವ ಸರಣಿಯನ್ನು, ಯಾವ ತಿಂಗಳಲ್ಲಿ ಹುಡುಕುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಮುಂದಿನ ಹಂಗಾಮಿಗೆ ಬೇಕಾಗುವ ಹಣಕ್ಕೆ ಇವೆರಡೂ ಬೇಡ. ಅದಕ್ಕೆ ಈಗ ಶೇರಿನ ಇಂದಿನ ಬೆಲೆ ಮತ್ತು ಮುಂಗಡ ಬೆಲೆಯ ಅಂತರದಲ್ಲಿ ದುಡಿಯುವ ಆರ್ಬಿಟ್ರೇಜ್ ಫಂಡ್ ನೋಡುತ್ತಿದ್ದೇನೆ. ಅದಕ್ಕೆ ಶೇರುಗಳ ತೆರಿಗೆ: ವರ್ಷ ದಾಟಿದರೆ 12.5%, ಅದರೊಳಗೆ ಮಾರಿದರೆ 20%.