9 ಇದ್ದದ್ದು 31 ಆಯ್ತು, ಆಮೇಲೆ ಈ ಹಾಳೆ ಹುಟ್ಟಿತು

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಪಿಎಚ್‌ಡಿ ಪ್ರಬಂಧಗಳ ಕೃತಿಚೌರ್ಯ ಚೆಕ್ ಮಾಡೋದು ನನ್ನ ಕೆಲಸ. ಪ್ರತಿ ಚೆಕ್‌ಗೂ ಒಂದು ಹಾಳೆ ತುಂಬಬೇಕು ಅಂದಾಗ "ರಿಪೋರ್ಟ್ ಇದೆಯಲ್ಲ ಸಾರ್, ಇದ್ಯಾಕೆ ಗುಮಾಸ್ತಗಿರಿ" ಅಂತ ನಕ್ಕವರೇ ಜಾಸ್ತಿ.

ನಾನು ಶೇ. 9 ಹೊಂದಿಕೆ ಅಂತ ಸರ್ಟಿಫಿಕೇಟ್ ಕೊಟ್ಟಿದ್ದ ಪ್ರಬಂಧವೊಂದನ್ನು ಆರೇಳು ತಿಂಗಳ ಮೇಲೆ ಬೇರೆಯವರು ಚೆಕ್ ಮಾಡಿದರೆ 31 ಬಂತು. ಯುಜಿಸಿಯ 2018ರ ನಿಯಮದಲ್ಲಿ 10ರ ತನಕ ದಂಡ ಇಲ್ಲ, ದಾಟಿ 40ರ ತನಕ ಆದರೆ ತಿದ್ದಿ ಮತ್ತೆ ಕೊಡಬೇಕು, ಅದಕ್ಕೆ ಹೆಚ್ಚೆಂದರೆ ಆರು ತಿಂಗಳು. ಸಮಿತಿ ಮುಂದೆ ನನ್ನ ಹತ್ತಿರ ಇದ್ದದ್ದು ಸೀಲ್ ಹಾಕಿದ ಒಂದು ಪುಟ ಅಷ್ಟೇ. ಯಾವ ಫೈಲ್, ಲೆಕ್ಕದಿಂದ ಏನೇನು ಬಿಟ್ಟೆ, ಯಾಕೆ ಬಿಟ್ಟೆ, ಯಾವುದಕ್ಕೂ ಉತ್ತರ ಇರಲಿಲ್ಲ. ಆಮೇಲೆ ತಿಳಿಯಿತು: ಮೊದಲ ಸಲ ಹಾಕಿದ ಡ್ರಾಫ್ಟ್ ಸಾಫ್ಟ್‌ವೇರಿನ ಸಂಗ್ರಹದಲ್ಲೇ ಉಳಿದು, ಎರಡನೇ ಸಲ ಅದಕ್ಕೇ ಹೊಂದಿಕೆ ಆಗಿತ್ತು. ಪಾಪ ಆ ಹುಡುಗಿಗೆ ನಾಲ್ಕು ತಿಂಗಳು ಹೋಯಿತು.

ಮೊದಲು 28 ಕಾಲಂನ ಶೀಟ್ ಮಾಡಿದೆ. ಎರಡು ವಾರ ಆದಮೇಲೆ ಯಾರೂ ತುಂಬಲಿಲ್ಲ, ನಾನೂ ಸೇರಿ. ಒಂದು ಕಂಪನಿ ಇದಕ್ಕೇ ಸಾಫ್ಟ್‌ವೇರ್ ಮಾಡಿಕೊಡ್ತೀವಿ ಅಂತ ಹತ್ತಿರ ಹತ್ತಿರ 60 ಸಾವಿರ ಕೇಳಿತು. ಕೊನೆಗೆ ನಿಂತಿದ್ದು ಒಂದೇ ಪುಟದ ಹಾಳೆ, ಜೆರಾಕ್ಸ್ ಖರ್ಚು ವರ್ಷಕ್ಕೆ ಐನೂರು ದಾಟಲ್ಲ.

ಮೇಲ್ಗಡೆ ಫೈಲಿನ ಗುರುತು. ಹೆಸರು ಸಾಲದು, ಎಲ್ಲರದ್ದೂ final2.pdf ಅಲ್ವಾ. ಅದಕ್ಕೆ:

```
certutil -hashfile final2.pdf SHA256
```

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಕೊಟ್ಟರೆ ಆ ಫೈಲಿನದೇ ಒಂದು ಉದ್ದನೆ ಸಂಖ್ಯೆ ಬರುತ್ತದೆ, ಒಂದಕ್ಷರ ತಿದ್ದಿದ್ದರೂ ಅದು ಬೇರೆ ಆಗುತ್ತದೆ. ಅದರ ಕೆಳಗೆ ಚೆಕ್ ಮಾಡಿದ ತಾರೀಕು, ಸೆಟ್ಟಿಂಗು, ಫೈಲು ಸಂಗ್ರಹಕ್ಕೆ ಸೇರಿತಾ ಇಲ್ಲವಾ, ಆಮೇಲೆ ಎರಡು ಅಂಕಿ: ಏನೂ ಬಿಡದೆ ಬಂದದ್ದು, ಬಿಟ್ಟ ಮೇಲೆ ಬಂದದ್ದು. ಸುಮ್ನೆ ಒಂದೇ ಫೈಲಿಗೆ ಸೆಟ್ಟಿಂಗ್ ಬದಲಿಸಿ ನೋಡಿದ್ದೆ. ಮೊದಲು 23. ಗ್ರಂಥಸೂಚಿ ಬಿಟ್ಟರೆ 17, 14 ಪದಕ್ಕಿಂತ ಚಿಕ್ಕ ಹೊಂದಿಕೆಗಳನ್ನೂ ಬಿಟ್ಟರೆ 11ರ ಆಸುಪಾಸು.

ಉಳಿದ ಹಾಳೆಯೆಲ್ಲ ಕಾರಣಕ್ಕೆ. ಕೈಯಾರೆ ತೆಗೆದ ಪ್ರತಿ ಮೂಲಕ್ಕೂ ಒಂದು ಸಾಲು: "ಮೂಲ 4, ಶೇ. 3, ಆಕೆಯದೇ ಲೇಖನ, ಪುಟ 61ರಲ್ಲಿ ಉಲ್ಲೇಖ ಇದೆ, ಬಿಟ್ಟೆ." "ಸರಿಯಿದೆ" ಅಂತ ಬರೆದರೆ ಹಾಳೆ ವಾಪಸ್. ತೆಗೆಯದೆ ಉಳಿಸಿದ್ದಕ್ಕೂ ಕಾರಣ ಬೇಕು, ಜಗಳ ಬರೋದು ಅಲ್ಲೇ. ಕೊನೆಗೆ ವಿದ್ಯಾರ್ಥಿಯ ಉತ್ತರ, ತೀರ್ಮಾನಿಸಿದವರ ಸಹಿ.

ಕನ್ನಡ ಪ್ರಬಂಧಕ್ಕೆ ಇನ್ನೊಂದು ಸಾಲು ಸೇರಿಸಿದ್ದೇನೆ. ಹಳೆ ನುಡಿ ಫಾಂಟಿನ ಪಿಡಿಎಫ್‌ನಿಂದ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿದರೆ "ಕನ್ನಡ" ಇದ್ದಲ್ಲಿ PÀ£ÀßqÀ ಬರುತ್ತೆ. ಸಾಫ್ಟ್‌ವೇರ್ ಓದೋದೂ ಅದನ್ನೇ, ಹಾಗಾಗಿ ಶೇ. 0 ಬಂದರೆ ಖುಷಿಪಡಬೇಡಿ. ಯೂನಿಕೋಡ್‌ಗೆ ಬದಲಿಸಿದ ಫೈಲಿನ ಗುರುತನ್ನೂ ಬೇರೆಯಾಗಿ ಬರೆದಿಡಿ.

ಮೂರು ತಿಂಗಳಿಗೊಮ್ಮೆ ಹತ್ತು ಹಳೆ ಹಾಳೆಗಳ ತೀರ್ಮಾನ ಮುಚ್ಚಿಟ್ಟು, ರಿಪೋರ್ಟ್ ಮಾತ್ರ ಇನ್ನೊಬ್ಬರಿಗೆ ಕೊಡ್ತೀನಿ. ಮೊದಲ ಸಲ ನಾಲ್ಕು ಬೇರೆ ಬಂದವು, ಹೋದ ಸಲ ಒಂದೇ. ಆ ಹತ್ತನ್ನು ಹೇಗೆ ಆರಿಸ್ತೀನಿ ಅಂತ ಹೇಳಲ್ಲ, ಹೇಳಿದರೆ ನಮ್ಮವರೇ ಅದಕ್ಕೆ ತಯಾರಾಗಿ ಬರ್ತಾರೆ.

ಹೋದ ವರ್ಷ ಅಂಥದ್ದೇ ದೂರು ಮತ್ತೆ ಬಂತು, 8 ಇದ್ದದ್ದು 27 ಅಂತ. ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು, ನಕ್ಕಿದ್ದವರೇ ಒಂದು ಖಾಲಿ ಹಾಳೆ ಕೇಳಿ ಇಸ್ಕೊಂಡು ಹೋದರು.