ಫೈರ್ ಡ್ರಿಲ್: ಗಡಿಯಾರ ನಿಲ್ಲಿಸಬೇಕಾದ್ದು ತಲೆ ಎಣಿಕೆ ಮುಗಿದ ಮೇಲೆ

ಫೈರ್ ಡ್ರಿಲ್ ಅಂದರೆ ಮಕ್ಕಳನ್ನು ಬೇಗ ಹೊರಗೆ ಕರೆತರುವುದು, ಅಷ್ಟೇ ಅಂದುಕೊಂಡಿದ್ದೆ. ನಾಪೋಕ್ಲು ಕಡೆಯ ನಮ್ಮ ಪುಟ್ಟ ಶಾಲೆಯಲ್ಲಿ ಮೊದಲ ಸಲ ಮಾಡಿದಾಗ 58 ಮಕ್ಕಳಲ್ಲಿ 57 ಮಂದಿ ಎರಡು ನಿಮಿಷದೊಳಗೆ ಮೈದಾನದಲ್ಲಿದ್ದರು. ಒಬ್ಬ ಇಲ್ಲ ಅಂತ ಗೊತ್ತಾಗಿ, ಅವನು ಸಿಗುವ ಹೊತ್ತಿಗೆ ಏಳು ನಿಮಿಷ! ಹಾಜರಿ ಪುಸ್ತಕ ಮೇಜಿನ ಮೇಲೇ ಉಳಿದಿತ್ತು. ಒಂದನೇ ಕ್ಲಾಸಿನ ಹುಡುಗ ಶೌಚಾಲಯದಲ್ಲಿದ್ದ, ಅವನನ್ನು ಹುಡುಕಲು ಇಬ್ಬರು ಟೀಚರ್ ಒಟ್ಟಿಗೆ ಓಡಿದರು, ಅವರ ಕ್ಲಾಸಿನ ಮಕ್ಕಳು ಇತ್ತ ಚೆಲ್ಲಾಪಿಲ್ಲಿ.

ಅಂದಿನಿಂದ ಗಂಟೆ ಬಾರಿಸಿದಾಗ ಸ್ಟಾಪ್‌ವಾಚ್ ಒತ್ತಿದರೆ, ಕೊನೆಯ ಟೀಚರ್ ಲೆಕ್ಕ ಹೇಳಿದ ಮೇಲೇ ನಿಲ್ಲಿಸುತ್ತೇವೆ.

ಮೊದಲು ಬೆಂಕಿ ಎಲ್ಲಿ ಬಿದ್ದಿದೆ ಅಂತ ಅಂದುಕೊಳ್ಳಬೇಕು ಅನ್ನುವುದನ್ನು ತೀರ್ಮಾನಿಸಿ. ನಾವು ಬಿಸಿಯೂಟದ ಅಡುಗೆಕೋಣೆ ಆರಿಸಿದೆವು. 2004ರಲ್ಲಿ ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳನ್ನು ಬಲಿ ತೆಗೆದುಕೊಂಡ ಬೆಂಕಿ ಶುರುವಾಗಿದ್ದೂ ಅಡುಗೆಕೋಣೆಯಿಂದಲೇ. ಜಾಗ ಗೊತ್ತಾದರೆ ದಾರಿಯೂ ಗೊತ್ತಾಗುತ್ತದೆ: ಅಡುಗೆಕೋಣೆ ಪಕ್ಕದ ಮೆಟ್ಟಿಲು ಅವತ್ತು ಬಂದ್, ಎಲ್ಲರೂ ಇನ್ನೊಂದು ಕಡೆಯ ಜಗಲಿಯಿಂದ ಇಳಿಯಬೇಕು. ಸೇರುವ ಜಾಗ ಗೇಟಿನ ಹತ್ತಿರ ಬೇಡ, ಅಗ್ನಿಶಾಮಕ ವಾಹನ ಬರುವುದು ಅದೇ ದಾರಿಯಲ್ಲಿ.

ಇನ್ನು ಗಂಟೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಜಾಸ್ತಿ, ಹಾಗಾಗಿ ಕರೆಂಟಿನ ಬೆಲ್ ನಂಬಬೇಡಿ. ನೇತುಹಾಕಿದ ಕಬ್ಬಿಣದ ಗಂಟೆಯನ್ನು ನಿಲ್ಲಿಸದೆ ಬಾರಿಸಿ. ಊಟದ ಗಂಟೆಯ ಹಾಗೆ ಕೇಳಿಸಿದರೆ ಮಕ್ಕಳು ತಟ್ಟೆ ಹಿಡಿದು ಅಡುಗೆಕೋಣೆಯತ್ತಲೇ ಓಡುತ್ತಾರೆ.

ಈಗ ಯಾರು ಏನು ಮಾಡಬೇಕು ಅನ್ನುವುದು. ನಾವು ದೊಡ್ಡವರು ಆರು ಮಂದಿ. ಮುಖ್ಯ ಶಿಕ್ಷಕಿ ಗಂಟೆ ಬಾರಿಸುತ್ತಾರೆ, ಫೋನ್ ಹಿಡಿದು ಮೈದಾನಕ್ಕೆ ಹೋಗಿ ನಿಲ್ಲುತ್ತಾರೆ, 101 ಅಥವಾ 112ಕ್ಕೆ ಕರೆ ಮಾಡುವುದು ಅವರೊಬ್ಬರೇ (ಡ್ರಿಲ್‌ನಲ್ಲಿ ನಂಬರ್ ಬಾಯಲ್ಲಿ ಹೇಳಿದರೆ ಸಾಕು, ಒತ್ತಬೇಡಿ). ಮೂವರು ಟೀಚರ್ ತಮ್ಮ ತಮ್ಮ ಕೋಣೆಯ ಸಾಲಿನ ಮುಂದೆ, ಒಂದು ಕೈಯಲ್ಲಿ ಹಾಜರಿ ಪುಸ್ತಕ. ಅದನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದೇವೆ, ಇನ್ನು ಮರೆಯುವ ಮಾತಿಲ್ಲ. ಅಡುಗೆಯ ಅಕ್ಕ ಕೈಗೆಟುಕಿದರೆ ಮಾತ್ರ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ ಹೊರಗೆ ಬರಬೇಕು. ಬೆಂಕಿ ಅಡ್ಡ ಇದ್ದರೆ ಸುಮ್ನೆ ಹೊರಗೆ ಬರುವುದೇ ಅವರ ಕೆಲಸ.

ಆರನೆಯವರು ಮುಖ್ಯ. ಅವರಿಗೆ ಯಾವ ಕ್ಲಾಸೂ ಇಲ್ಲ, ಬೆಂಕಿಯಿಂದ ದೂರದ ಶೌಚಾಲಯ, ಕೋಣೆಗಳು, ಬೆಂಚಿನ ಅಡಿ, ಬಾಗಿಲ ಹಿಂದೆ ಎಲ್ಲ ನೋಡುವುದು ಅವರೇ. ಪುಟ್ಟ ಮಕ್ಕಳು ಹೆದರಿದರೆ ಓಡುವುದಿಲ್ಲ, ಅಡಗಿ ಕೂರುತ್ತಾರೆ. ನೋಡಿದ ಕೋಣೆಯ ಬಾಗಿಲನ್ನು ಎಳೆದು ಮುಚ್ಚಬೇಕು, ಚಿಲಕ ಹಾಕಬಾರದು. ಮುಚ್ಚಿದ ಬಾಗಿಲು ಹೊಗೆಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಹೊಗೆ ಆಗಲೇ ತುಂಬಿದ್ದರೆ ಅವರೂ ಒಳಗೆ ಹೋಗಬಾರದು, ಯಾವ ಕೋಣೆ ನೋಡಿಲ್ಲ ಅಂತ ಮುಖ್ಯ ಶಿಕ್ಷಕಿಗೆ ಹೇಳಬೇಕು.

ನಮ್ಮಲ್ಲಿ ತಡ ಆಗುವ ಜಾಗ ಇನ್ನೊಂದಿದೆ, ಅದು ಚಪ್ಪಲಿ. ಜೂನ್ ಬಂತೆಂದರೆ ಜಗಲಿ ತುಂಬ ಒದ್ದೆ ಚಪ್ಪಲಿ, ಕೊಡೆ, ರೇನ್‌ಕೋಟು. ಒಂದನೇ ಕ್ಲಾಸಿನವರು ಗಂಟೆ ಕೇಳಿದ ಕೂಡಲೇ ತಮ್ಮ ಚಪ್ಪಲಿ ಹುಡುಕುತ್ತಾ ಬಾಗಿಲಲ್ಲೇ ಕೂತುಬಿಟ್ಟರು, ಹಿಂದಿನವರು ಅವರ ಮೇಲೆ. ಈಗ ಚಪ್ಪಲಿ, ಕೊಡೆಗೆ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರ, ಗೋಡೆ ಬದಿಯಲ್ಲಿ ಜಾಗ ಮಾಡಿದ್ದೇವೆ. ಬರಿಗಾಲಲ್ಲಿ ನಡೆಯುವುದನ್ನು ಆಟದ ಹಾಗೆ ಮೊದಲೇ ಎರಡು ಸಲ ಮಾಡಿಸಿದೆವು. ಚಿಕ್ಕವರಿಗೆ ಒಂದು ಉದ್ದ ಹಗ್ಗ, ಮೊಳಕ್ಕೊಂದು ಗಂಟು, ಗಂಟಿಗೊಬ್ಬರು. ಹಗ್ಗ ಹಿಡಿದ ಮಗು ಓಡುವುದಿಲ್ಲ, ಬೀಳುವುದೂ ಕಡಿಮೆ.

ಮೊದಲ ಡ್ರಿಲ್ಲನ್ನು ಮಕ್ಕಳಿಗೂ ಪೋಷಕರಿಗೂ ಹೇಳಿಯೇ ಮಾಡಿ, ಇಲ್ಲದಿದ್ದರೆ ಗಂಟೆ ಕೇಳಿ ತೋಟದಿಂದ ಅಮ್ಮಂದಿರು ಓಡಿ ಬರುತ್ತಾರೆ. ಬೆಳಿಗ್ಗೆ ಹಾಜರಿ ಆದ ಮೇಲಿನ ಹೊತ್ತು ಸಲೀಸು. ಪ್ರಾರ್ಥನೆ ಹೊತ್ತಲ್ಲಿ ಮಾಡಿದರೆ ಏನು ಪ್ರಯೋಜನ, ಎಲ್ಲರೂ ಹೊರಗೇ ಇರುತ್ತಾರಲ್ವಾ? ಮಳೆ ಅಂತ ಮಳೆಗಾಲ ಪೂರ್ತಿ ಡ್ರಿಲ್ ಬಿಡಬೇಡಿ, ಮಳೆ ಬಿಟ್ಟ ಹೊತ್ತು ನೋಡಿ ಮಾಡಿ, ಜಾರುವ ಮೆಟ್ಟಿಲು ಯಾವುದು ಅಂತ ಆಗಲೇ ಗೊತ್ತಾಗುವುದು.

ಎಣಿಸುವಾಗ ಹೆಸರು ಕೂಗಿ, ತಲೆಯನ್ನೂ ಎಣಿಸಿ. ಹೆಸರು ಕೂಗಿದರೆ ಪಕ್ಕದವನೇ "ಹಾಜರ್" ಅನ್ನುವುದುಂಟು. ಟೀಚರ್ ಬಂದು "ಮೂರನೇ ಕ್ಲಾಸ್, ಹಾಜರಿ 19, ಇಲ್ಲಿ 19" ಅನ್ನಬೇಕು. ಒಬ್ಬರು ಕಡಿಮೆ ಇದ್ದರೆ ಹೆಸರು ಮುಖ್ಯ ಶಿಕ್ಷಕಿಗೆ ಹೇಳಬೇಕು, ಸಾಲು ಬಿಟ್ಟು ತಾವೇ ಹುಡುಕಲು ಹೋಗಬಾರದು.

ಎರಡನೇ ಸಲ ನಮಗೆ ಮೂರು ನಿಮಿಷ ಹತ್ತು ಸೆಕೆಂಡ್ ಆಯಿತು. ಮುಂದಿನ ತಿಂಗಳು ಬಿಸಿಯೂಟಕ್ಕೆ ಮಕ್ಕಳು ಜಗಲಿಯಲ್ಲಿ ಕೂತಿರುವಾಗಲೇ ಗಂಟೆ ಬಾರಿಸುತ್ತೇವೆ. ಎಲ್ಲ ಕ್ಲಾಸೂ ಕಲಸಿಹೋಗಿರುವ ಆ ಹೊತ್ತಿಗೆ ಯಾವ ಟೀಚರ್ ಯಾರನ್ನು ಎಣಿಸಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.