ಸಾಹೇಬ್ರು ಅರ್ಧ ಹೇಳಿ ಹೋದಾಗ ಕಳಿಸಬೇಕಾದ ಮೆಸೇಜ್

ನಮ್ಮ ದಾವಣಗೆರೆ ಕಡೆ ಅಂಗಡಿ, ಮಿಲ್ಲು, ಮಂಡಿ ಆಫೀಸಿನಲ್ಲಿ ಲೆಕ್ಕ ನೋಡುವವರಿಗೆ ಇದು. ಮ್ಯಾನೇಜರ್ "ಬಾಕಿ ಲಿಸ್ಟ್ ಮಾಡಿಡಪ್ಪ" ಅಂತಾರೆ, ಬೈಕ್ ಹತ್ತಿ ಹೋಗ್ತಾರೆ. ಯಾವ ತಾರೀಖಿನವರೆಗೆ? ಯಾವ ಊರಿನ ಪಾರ್ಟಿಗಳು?

ಆಗ "ಸರ್, ಸರಿಯಾಗಿ ಅರ್ಥ ಆಗಲಿಲ್ಲ" ಅಂತ ಕೇಳಬೇಡಿ. ಅದೇ ಮಾತು ಮತ್ತೆ ಬರುತ್ತೆ, ಸ್ವಲ್ಪ ಜೋರಾಗಿ. ನೀವು ಏನು ಅಂದುಕೊಂಡಿದ್ದೀರಿ ಅನ್ನೋದನ್ನೇ ಬರೆದು ಕಳಿಸಿ:

"ಸರ್, ಬಾಕಿ ಲಿಸ್ಟ್ ಹೀಗೆ ಮಾಡ್ತೀನಿ. ಮಾರ್ಚ್ 31ರವರೆಗಿನ ಬಿಲ್ಲು. ದಾವಣಗೆರೆ, ಹರಿಹರದ ಪಾರ್ಟಿ ಮಾತ್ರ, ಜಗಳೂರು ಬಿಟ್ಟು. ಪಾಸಾಗದ ಚೆಕ್ ಬಾಕಿ ಅಂತಲೇ ಹಿಡೀತೀನಿ. ಎರಡು ಪ್ರಶ್ನೆ: 1. ಬಿಲ್ ಪ್ರಕಾರ ಬೇಕಾ, ಪಾರ್ಟಿಗೊಂದು ಮೊತ್ತ ಸಾಕಾ? 2. ಇದು ನಿಮಗೆ ನೋಡೋಕಾ, ಆಡಿಟರ್‌ಗೆ ಕೊಡೋಕಾ? ಬೇರೆ ಹೇಳದಿದ್ರೆ 3 ಗಂಟೆಗೆ ಬಿಲ್ ಪ್ರಕಾರ ಶುರು ಮಾಡ್ತೀನಿ."

ತಪ್ಪು ಕಂಡರೆ ತಿದ್ದೋದು ಯಾರಿಗಾದ್ರೂ ಸುಲಭ ಅಲ್ವಾ? "ಜಗಳೂರೂ ಸೇರಿಸು" ಅಂತ ಒಂದೇ ಸಾಲು ಬರುತ್ತೆ. ಯಾರಿಗೆ ಅನ್ನೋ ಎರಡನೇ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಆಡಿಟರ್‌ಗೆ ಅಂದರೆ ಬಿಲ್ ನಂಬರ್, ತಾರೀಖು ಎಲ್ಲಾ ಬೇಕಾಗುತ್ತೆ.

ಪ್ರಶ್ನೆ ಎರಡು ಮೂರಕ್ಕಿಂತ ಜಾಸ್ತಿ ಆದರೆ ಉತ್ತರ ಬರಲ್ಲ. ಬರೀ "ಓಕೆ" ಅಂತ ಬಂದರೆ ಊಹೆಗಳಿಗೆ ಒಪ್ಪಿಗೆ ಸಿಕ್ಕಿತು ಅಷ್ಟೇ. "ಇದಾ, ಅದಾ" ಅಂತ ಕೇಳಿದ್ದಕ್ಕೆ ಉತ್ತರ ಸಿಕ್ಕಿಲ್ಲ. ಅದೊಂದನ್ನು ಫೋನ್ ಮಾಡಿ ಕೇಳಿ.

"ಹೇಳದಿದ್ರೆ ಶುರು ಮಾಡ್ತೀನಿ" ಅನ್ನೋದು ಆಫೀಸಿನೊಳಗಿನ ಲಿಸ್ಟಿಗೆ ನಡೆಯುತ್ತೆ. ಪಾರ್ಟಿಗೆ ನೋಟಿಸ್ ಕಳಿಸೋಕೆ, ದುಡ್ಡು ಹಾಕೋಕೆ ಬಾಯಿ ಬಿಟ್ಟು ಹೂಂ ಅನ್ನೋವರೆಗೂ ಕಾಯಿರಿ.